ಬರೆಯುವವರು ಒಬ್ಬರು, ಸೈಟ್ ಕಟ್ಟುವವರು ಇನ್ನೊಬ್ಬರು

ಬೆಂಗಳೂರಿನ ಒಂದು ತೆರಿಗೆ ಸಲಹಾ ಸಂಸ್ಥೆ ಎಂದಿಟ್ಟುಕೊಳ್ಳಿ. ವೆಬ್‌ಸೈಟಿನಲ್ಲಿ ಎಂಬತ್ತು ಪುಟ, ತಿಂಗಳಿಗೆ ನಾಲ್ಕು ಲೇಖನ, ಸಂಬಳದ ಮೇಲೆ ಒಬ್ಬ ಡೆವಲಪರ್. ಇಂಥಲ್ಲಿ ಹ್ಯೂಗೋದಂಥ ಸ್ಟ್ಯಾಟಿಕ್ ಸೈಟ್ ಜನರೇಟರ್ ಧಾರಾಳ ಸಾಕು. ಅದು ಪುಟಗಳನ್ನೆಲ್ಲ ಮೊದಲೇ ಎಚ್‌ಟಿಎಂಎಲ್ ಮಾಡಿಡುತ್ತದೆ. ಓದುಗರು ಬಂದಾಗ ಡೇಟಾಬೇಸ್ ತಡಕಾಡುವ ಕೆಲಸವಿಲ್ಲ.

ತಲೆನೋವು ಬರೆಯುವವರದು. ಲೆಕ್ಕಪರಿಶೋಧಕರು ಗಿಟ್ ಕಲಿಯಲಿ ಎಂದರೆ ಆಗದ ಮಾತು. ಅವರಿಗೆ ಫಾರಂ ತುಂಬಿ ಸೇವ್ ಒತ್ತುವ ಹೆಡ್‌ಲೆಸ್ ಸಿಎಂಎಸ್ ಬೇಕು. ಕಂಟೆಂಟ್‌ಫುಲ್, ಸ್ಯಾನಿಟಿ ಬರಹವನ್ನು ತಮ್ಮಲ್ಲಿಟ್ಟುಕೊಂಡು ಎಪಿಐ ಮೂಲಕ ಕೊಡುತ್ತವೆ. ಅದೇ ಬರಹ ಮೊಬೈಲ್ ಆ್ಯಪ್‌ಗೂ ಬೇಕಿದ್ದರೆ ಸರಿ. ಬರೀ ವೆಬ್‌ಸೈಟಿಗಾದರೆ ಡೆಕ್ಯಾಪ್ ವಾಸಿ. 2023ರವರೆಗೆ ನೆಟ್ಲಿಫೈ ಸಿಎಂಎಸ್ ಎನಿಸಿಕೊಂಡಿದ್ದ ಇದು ಲೇಖನವನ್ನು ಮಾರ್ಕ್‌ಡೌನ್ ಕಡತವಾಗಿ ಸಂಸ್ಥೆಯ ಗಿಟ್ ರೆಪಾಸಿಟರಿಯಲ್ಲೇ ಉಳಿಸುತ್ತದೆ. ನಾಳೆ ಡೆಕ್ಯಾಪ್ ಬಿಟ್ಟರೂ ಬರಹ ಎಲ್ಲಿಗೂ ಹೋಗದು.

ಎಡವುವುದು ತಾರೀಖಿನಲ್ಲಿ.

ಶುಕ್ರವಾರ ಕೂತು, 'ಸೋಮವಾರ ಬೆಳಿಗ್ಗೆ 9' ಎಂದು ತುಂಬಿ ಸೇವ್ ಮಾಡಿದರೆ ಹ್ಯೂಗೋ ಆ ಲೇಖನವನ್ನು ಸದ್ದಿಲ್ಲದೆ ಕೈಬಿಡುತ್ತದೆ. ಬಿಲ್ಡ್ ಯಶಸ್ವಿ, ಪುಟ ಮಾತ್ರ ಇಲ್ಲ! ಸೋಮವಾರ ಮತ್ತೊಮ್ಮೆ ಬಿಲ್ಡ್ ನಡೆದರಷ್ಟೇ ಅದು ಕಾಣಿಸುತ್ತದೆ. ಸಾಲದ್ದಕ್ಕೆ, ಟೈಮ್ ಝೋನ್ ಬರೆಯದ ತಾರೀಖನ್ನು ಹ್ಯೂಗೋ ಯುಟಿಸಿ ಎಂದೇ ಓದಿಕೊಳ್ಳುತ್ತದೆ. ನಮ್ಮ 9 ಗಂಟೆ ಮಧ್ಯಾಹ್ನ 2.30 ಆಗಿಬಿಡುತ್ತದೆ. `hugo.toml` ಕಡತದ ಮೇಲ್ಭಾಗದಲ್ಲಿ ಒಂದು ಸಾಲು ಇದಕ್ಕೆ ಮದ್ದು:

```
timeZone = "Asia/Kolkata"
```

ಇನ್ನು ಬಿಲ್ಡ್. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ದಿನಾ 9.10ಕ್ಕೆ ಅದು ತಾನಾಗಿ ನಡೆಯುವಂತೆ ಡೆವಲಪರ್ ಒಮ್ಮೆ ಬರೆದಿಟ್ಟರಾಯಿತು. ಅಲ್ಲಿಯ ಗಡಿಯಾರವೂ ಬೇರೆ ಹೇಳದಿದ್ದರೆ ಯುಟಿಸಿಯೇ, ಆದ್ದರಿಂದ 3.40 ಎಂದು ಕೊಡಬೇಕು.