ಛೇದದಲ್ಲಿ ಐದಕ್ಕೆ ಜಾಗವಿಲ್ಲ

ಭಿನ್ನರಾಶಿಯ ಛೇದದಲ್ಲಿ ಸೊನ್ನೆ ಬರಬಾರದೆಂದು ಶಾಲೆಗೆ ಹೋದವರಿಗೆಲ್ಲ ಗೊತ್ತು. ಅದರ ಜೊತೆಗೆ ಇನ್ನೊಂದು ಕಟ್ಟಳೆ ಹಾಕೋಣ: ಸಂಕ್ಷೇಪಿಸಿ ಬರೆದಾಗ ಛೇದ 5ರ ಗುಣಕವೂ ಆಗಿರಬಾರದು. 1/2, 7/3, 10/9 ಉಳಿಯುತ್ತವೆ; 1/5, 3/10 ಹೊರಬೀಳುತ್ತವೆ. ಪೂರ್ಣಾಂಕಗಳ ಛೇದ 1 ತಾನೇ, ಅವೆಲ್ಲ ಒಳಗೇ ಇರುತ್ತವೆ. ಪೂರ್ಣಾಂಕಗಳನ್ನು 5ರಲ್ಲಿ ‘ಲೋಕಲೈಸ್’ ಮಾಡುವುದೆಂದರೆ ಇಷ್ಟೇ. ಈ ಗುಂಪಿನ ಹೆಸರು Z₍₅₎.

ಇಲ್ಲಿ ಕೂಡಿದರೂ ಕಳೆದರೂ ಗುಣಿಸಿದರೂ ಉತ್ತರ ಗುಂಪಿನೊಳಗೇ ಸಿಗುತ್ತದೆ, ಹಾಗಾಗಿ ಇದೊಂದು ರಿಂಗ್. 5 ಅವಿಭಾಜ್ಯವಾದ್ದರಿಂದಲೇ ಇದು ಸಾಧ್ಯ: 5ರ ಗುಣಕವಲ್ಲದ ಎರಡು ಛೇದಗಳನ್ನು ಗುಣಿಸಿದರೆ 5ರ ಗುಣಕ ಹುಟ್ಟುವುದಿಲ್ಲ. 5ರ ಬದಲು 6 ಹಿಡಿದರೆ ಲೆಕ್ಕ ಕೆಡುತ್ತದೆ. 1/2, 1/3 ಎರಡೂ ಒಳಗಿದ್ದರೂ ಅವುಗಳ ಗುಣಲಬ್ಧ 1/6 ಹೊರಗೆ ಹೋಗುತ್ತದೆ.

ರಿಂಗಿನೊಳಗಿನ ಒಂದು ಉಪಗುಂಪು ಕೂಡಿಸಿ ಕಳೆದರೆ ತನ್ನಲ್ಲೇ ಉಳಿಯಬೇಕು, ರಿಂಗಿನ ಯಾವ ಸದಸ್ಯನಿಂದ ಗುಣಿಸಿದರೂ ತನ್ನಲ್ಲೇ ಉಳಿಯಬೇಕು. ಅಂಥದ್ದು ಐಡಿಯಲ್. ಇಡೀ ರಿಂಗ್ ಆಗದೆ, ಇನ್ನು ಹಿಗ್ಗಲಾರದಷ್ಟು ದೊಡ್ಡದಾದ ಐಡಿಯಲ್ಲೇ ಮ್ಯಾಕ್ಸಿಮಲ್. ಪೂರ್ಣಾಂಕಗಳಲ್ಲಿ 2ರ ಗುಣಕಗಳು ಒಂದು, 3ರವು ಇನ್ನೊಂದು, 7ರವು ಮತ್ತೊಂದು. ಹೀಗೆ ಅವು ಅನಂತ. Z₍₅₎ನಲ್ಲಿ ಒಂದೇ ಒಂದು. ಉಳಿದವು ಎಲ್ಲಿ ಹೋದವು?

2ನ್ನೇ ನೋಡಿ. 1/2 ಈಗ ಒಳಗಿದೆ. 2 ಇರುವ ಐಡಿಯಲ್‌ನಲ್ಲಿ 2 × 1/2 = 1 ಕೂಡ ಇರಲೇಬೇಕು. 1 ಬಂತೆಂದರೆ ಅದನ್ನು ಯಾವುದರಿಂದ ಗುಣಿಸಿದರೂ ಒಳಗೇ, ಅಂದರೆ ಐಡಿಯಲ್ ಇಡೀ ರಿಂಗನ್ನೇ ನುಂಗಿಬಿಡುತ್ತದೆ. ವಿಲೋಮವುಳ್ಳ ಯಾವ ಸಂಖ್ಯೆ ಹೊಕ್ಕರೂ ಇದೇ ಕಥೆ. 7/3ಕ್ಕೆ 3/7 ಇದೆ. 10/9ಕ್ಕೆ ಬೇಕಾದ 9/10 ಮಾತ್ರ ಇಲ್ಲಿಲ್ಲ. ಹೀಗೆ ವಿಲೋಮವಿಲ್ಲದವು ಯಾವುವೆಂದರೆ, ಅಂಶ 5ರ ಗುಣಕವಾದವು. ಪೂರ್ತಿ ರಿಂಗ್ ಅಲ್ಲದ ಪ್ರತಿ ಐಡಿಯಲ್ಲೂ ಇವುಗಳೊಳಗೇ ಅಡಗಿರಬೇಕು.

ಇನ್ನು ಕೇಳಬೇಕಾದದ್ದು ಒಂದೇ: ವಿಲೋಮವಿಲ್ಲದ ಇವೆಲ್ಲ ಸೇರಿ ಸ್ವತಃ ಐಡಿಯಲ್ ಆಗುತ್ತವೆಯೇ? 10/9 ಮತ್ತು 5/2 ಕೂಡಿದರೆ 65/18. ಅಂಶ ಮತ್ತೆ 5ರ ಗುಣಕ. ಎರಡು ಅಂಶಗಳಲ್ಲೂ 5 ಇದ್ದರೆ ಮೊತ್ತದ ಅಂಶದಿಂದಲೂ 5ನ್ನು ಹೊರತೆಗೆಯಬಹುದು, ಛೇದಕ್ಕೆ 5 ಬರುವುದೇ ಇಲ್ಲ. ಗುಣಿಸಿದಾಗಲೂ ಹಾಗೆಯೇ. ಅಲ್ಲಿಗೆ ಇದು ಐಡಿಯಲ್, ಬೇರೆಲ್ಲವೂ ಇದರೊಳಗೆ. ಎರಡನೆಯ ಮ್ಯಾಕ್ಸಿಮಲ್‌ಗೆ ಎಡೆಯಿಲ್ಲ. ಪೂರ್ಣಾಂಕಗಳಲ್ಲಿ ಈ ವಾದ ಮುರಿಯುವುದು ಇಲ್ಲಿಯೇ: 2ಕ್ಕೂ 3ಕ್ಕೂ ಅಲ್ಲಿ ವಿಲೋಮವಿಲ್ಲ, ಆದರೆ 3 − 2 = 1. ಛೇದದಿಂದ 2, 3 ಎರಡನ್ನೂ ನಿಷೇಧಿಸಿದ ರಿಂಗಿನಲ್ಲೂ ಅದೇ ತೊಡಕು; ಅಲ್ಲಿ ಮ್ಯಾಕ್ಸಿಮಲ್ ಐಡಿಯಲ್‌ಗಳು ಎರಡು.

ಒಂದೇ ಮ್ಯಾಕ್ಸಿಮಲ್ ಐಡಿಯಲ್ ಇರುವ ಇಂಥವು ಲೋಕಲ್ ರಿಂಗ್‌ಗಳು. ಜರ್ಮನಿಯ ವೋಲ್ಫ್‌ಗಾಂಗ್ ಕ್ರುಲ್ 1938ರಲ್ಲಿ ಇವನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿದರು.

ಭಿನ್ನರಾಶಿಗೂ ‘5ರಿಂದ ಭಾಗಿಸಿದಾಗಿನ ಶೇಷ’ ಹೇಳಬಹುದೆಂಬುದು ಇದರ ಲಾಭ. 2 × 3 = 6ರ ಶೇಷ 1, ಆದ್ದರಿಂದ 1/2ರ ಶೇಷ 3, 1/3ರದು 2. 4 × 4 = 16, ಹಾಗಾಗಿ 1/4ರದು 4. ಈಗ 1 + 1/2 + 1/3 + 1/4ರ ಶೇಷ 1 + 3 + 2 + 4 = 10, ಅಂದರೆ ಸೊನ್ನೆ. ನಿಜವಾದ ಮೊತ್ತ 25/12. ಅಂಶದಲ್ಲಿ 5 ಅಷ್ಟೇ ಅಲ್ಲ, 5ರ ವರ್ಗವೇ ಕುಳಿತಿದೆ. 5 ಮತ್ತು ಅದಕ್ಕಿಂತ ದೊಡ್ಡ ಪ್ರತಿ ಅವಿಭಾಜ್ಯಕ್ಕೂ ಹೀಗೇ ಆಗುತ್ತದೆಂದು ವೂಲ್‌ಸ್ಟನ್‌ಹೋಮ್ 1862ರಲ್ಲಿ ಸಾಧಿಸಿದರು. 7ಕ್ಕೆ, 1/6ರವರೆಗೆ ಕೂಡಿದರೆ 49/20. 3ಕ್ಕೆ ಮಾತ್ರ 1 + 1/2 = 3/2; ಅಲ್ಲಿ ವರ್ಗ ಸಿಗುವುದಿಲ್ಲ.