ಟೈಪ್ 2 ಮಧುಮೇಹ ಮತ್ತು ಮಧ್ಯಂತರ ಉಪವಾಸ

ಮಧ್ಯಂತರ ಉಪವಾಸ ಎಂದರೆ ದಿನದ ಅಥವಾ ವಾರದ ನಿಗದಿತ ಅವಧಿಯಲ್ಲಿ ಆಹಾರವನ್ನು ವರ್ಜಿಸುವ ಇಲ್ಲವೆ ಬಹಳ ಕಡಿಮೆ ಮಾಡುವ ಕ್ರಮ. ಬೆಳಗಿನ ಉಪಾಹಾರವನ್ನು ಬಿಟ್ಟು ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ಉಣ್ಣುವುದನ್ನು 16:8 ಕ್ರಮವೆಂದೂ, ವಾರದಲ್ಲಿ ಎರಡು ದಿನ ಅತ್ಯಲ್ಪ ಆಹಾರ ಸೇವಿಸುವುದನ್ನು 5:2 ಕ್ರಮವೆಂದೂ ಕರೆಯುತ್ತಾರೆ. ಟೈಪ್ 2 ಮಧುಮೇಹ ಇರುವವರಲ್ಲಿ ಇದರ ಅಪಾಯವು ಮುಖ್ಯವಾಗಿ ಅವರು ಸೇವಿಸುವ ಔಷಧವನ್ನು ಅವಲಂಬಿಸಿರುತ್ತದೆ.

ಪ್ರಯೋಜನಗಳು ಮತ್ತು ಮಿತಿ

ಉಪವಾಸದಿಂದ ದೇಹದ ತೂಕ ಇಳಿದರೆ ಯಕೃತ್ತಿನಲ್ಲಿನ ಕೊಬ್ಬು ಕರಗಿ, ಇನ್ಸುಲಿನ್ ಹೆಚ್ಚು ಪರಿಣಾಮಕಾರಿಯಾಗುತ್ತದೆ. ಆದರೆ ಪ್ರತಿದಿನ ಸ್ವಲ್ಪ ಕಡಿಮೆ ಉಂಡು ಅಷ್ಟೇ ತೂಕ ಇಳಿಸಿದವರಲ್ಲಿಯೂ ಬಹುಮಟ್ಟಿಗೆ ಇದೇ ಫಲ ಕಂಡುಬರುತ್ತದೆ. ಉಪಾಹಾರ ಬಿಡುವುದರಿಂದ ವ್ಯತಿರಿಕ್ತ ಪರಿಣಾಮವೂ ಉಂಟಾಗಬಹುದು. 22 ಮಧುಮೇಹಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಉಪಾಹಾರ ಬಿಟ್ಟ ದಿನ ಮಧ್ಯಾಹ್ನ ಮತ್ತು ರಾತ್ರಿಯ ಊಟದ ನಂತರದ ಸಕ್ಕರೆಯ ಮಟ್ಟವು ಉಪಾಹಾರ ಸೇವಿಸಿದ ದಿನಕ್ಕಿಂತ ಹೆಚ್ಚಾಗಿತ್ತು.

ಔಷಧಗಳು ಮತ್ತು ಅಪಾಯ

ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯುವುದು ವಿರಳ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಸಲ್ಫೊನೈಲ್‌ಯೂರಿಯಾ ಮಾತ್ರೆಗಳು ಹೊಟ್ಟೆ ಖಾಲಿಯಿದ್ದರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತವೆ. ಚುಚ್ಚುಮದ್ದಿನ ಇನ್ಸುಲಿನ್ ಕೂಡ ಊಟಕ್ಕಾಗಿ ಕಾಯುವುದಿಲ್ಲ. 5:2 ಕ್ರಮವನ್ನು ಕುರಿತು 2018ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಅಧ್ಯಯನವೊಂದರಲ್ಲಿ, ಔಷಧದ ಪ್ರಮಾಣವನ್ನು ಮೊದಲೇ ತಗ್ಗಿಸಿದ್ದರೂ ಉಪವಾಸದ ದಿನಗಳಲ್ಲಿ ಸಕ್ಕರೆ ಕುಸಿತದ ಪ್ರಸಂಗಗಳು ಸುಮಾರು ಇಮ್ಮಡಿಯಾದವು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳ ಅಪಾಯ ಬೇರೆ ಬಗೆಯದು. ದೀರ್ಘ ಉಪವಾಸದಲ್ಲಿ ಇವು ನಿರ್ಜಲೀಕರಣವನ್ನೂ, ಅಪರೂಪಕ್ಕೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಸ್ಥಿತಿಯನ್ನೂ ಉಂಟುಮಾಡಬಹುದು. ಆಗ ಸಕ್ಕರೆಯ ಮಟ್ಟ ಹೆಚ್ಚೇನೂ ಏರಿರದ ಕಾರಣ ರೋಗವು ಗಮನಕ್ಕೆ ಬಾರದೆ ಹೋಗಬಹುದು. ವಾಂತಿ, ಹೊಟ್ಟೆನೋವು ಅಥವಾ ಏದುಸಿರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಒಂದು ಉದಾಹರಣೆ

ಬೆಳಗ್ಗೆ 8ಕ್ಕೆ ಗ್ಲಿಮೆಪಿರೈಡ್ ನುಂಗಿ ಉಪಾಹಾರ ಸೇವಿಸುತ್ತಿದ್ದ ವ್ಯಕ್ತಿಯೊಬ್ಬರು 16:8 ಕ್ರಮವನ್ನು ಆರಂಭಿಸಿ, ಮಾತ್ರೆಯ ಸಮಯವನ್ನು ಹಾಗೆಯೇ ಉಳಿಸಿಕೊಂಡರು ಎಂದು ಭಾವಿಸಬಹುದು. ಈ ಮಾತ್ರೆಯು ಎರಡು ಮೂರು ಗಂಟೆಗಳಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟಕ್ಕೇರುತ್ತದೆ. ಮೊದಲ ಊಟ 12ಕ್ಕೆ ಇರುವುದರಿಂದ 10ರಿಂದ 11ರ ವೇಳೆಗೆ ಅವರಿಗೆ ಬೆವರು, ನಡುಕ, ಎದೆಬಡಿತ, ತಬ್ಬಿಬ್ಬು ಉಂಟಾಗಬಹುದು. ಬೀಟಾ ಬ್ಲಾಕರ್ ಸೇವಿಸುವವರಲ್ಲಿ ನಡುಕ ಮತ್ತು ಎದೆಬಡಿತ ತೋರದೆ, ಬೆವರು ಮಾತ್ರ ಸೂಚನೆಯಾಗಿ ಉಳಿಯಬಹುದು.

ಇಂತಹವರಿಗೆ ವೈದ್ಯರು ಸಾಮಾನ್ಯವಾಗಿ ಮಾತ್ರೆಯನ್ನು ಮೊದಲ ಊಟದ ಸಮಯಕ್ಕೆ ಬದಲಿಸುತ್ತಾರೆ. ಪ್ರಮಾಣವನ್ನು ತಗ್ಗಿಸುವುದು ಅಥವಾ ಮಾತ್ರೆಯನ್ನೇ ನಿಲ್ಲಿಸುವುದೂ ಉಂಟು. ಊಟಕ್ಕೆಂದು ತೆಗೆದುಕೊಳ್ಳುವ ಇನ್ಸುಲಿನ್ ಅನ್ನು ಆ ಊಟವಿಲ್ಲದಾಗ ಬಿಡಲಾಗುತ್ತದೆ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್‌ನ ಪ್ರಮಾಣವನ್ನು ತಗ್ಗಿಸಬಹುದೇ ಹೊರತು, ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಸಕ್ಕರೆ ಕುಸಿದಾಗ

ಗ್ಲೂಕೋಮೀಟರಿನಲ್ಲಿ ಸಕ್ಕರೆಯು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆ ತೋರಿದರೆ ಉಪವಾಸವನ್ನು ಅಲ್ಲಿಗೇ ಮುರಿಯಬೇಕು. ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಮಟ್ಟ ಏರದಿದ್ದರೆ ಇದನ್ನೇ ಪುನರಾವರ್ತಿಸಬೇಕು. ಏರಿದ ಮೇಲೆ ಆಹಾರ ಸೇವಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಸಲ್ಫೊನೈಲ್‌ಯೂರಿಯಾದಿಂದಾದ ಕುಸಿತವು ಮರುಕಳಿಸಬಹುದಾದ್ದರಿಂದ ಅಂದು ಇಡೀ ದಿನ ನಿಗಾ ಅಗತ್ಯ.