ಬೆವರಿಗೆ ಬಾಳುವ ವಾಚ್ ಬೆಲ್ಟ್ ಯಾವುದು?

ಕಳೆದ ಮೇನಲ್ಲಿ ಮಂಗಳೂರಿನ ಬಸ್ಸಲ್ಲಿ ಕಂಬಿ ಹಿಡಿದು ನಿಂತಿದ್ದೆ. ಅಪ್ಪ ಕೊಟ್ಟಿದ್ದ ಹಳೇ ಎಚ್‌ಎಂಟಿ ವಾಚ್ ಕೈಯಿಂದ ಜಾರಿ ಬಿತ್ತು. ಪುಣ್ಯಕ್ಕೆ ಬಿದ್ದದ್ದು ನನ್ನ ಬ್ಯಾಗಿನ ಮೇಲೆ. ವಾಚಿಗೆ ಏನೂ ಆಗಲಿಲ್ಲ, ಆದರೆ ಲೆದರ್ ಬೆಲ್ಟ್ ಪಿನ್ ಕೂರುವ ಜಾಗದಲ್ಲೇ ಹರಿದಿತ್ತು. ಬೆಂಗಳೂರಿನಲ್ಲಿ ಎರಡು ವರ್ಷ ಚೆನ್ನಾಗಿದ್ದ ಬೆಲ್ಟ್ ಇಲ್ಲಿ ಒಂದೇ ಬೇಸಿಗೆಗೆ ಕೈಕೊಟ್ಟಿತ್ತು.

ರಿಪೇರಿಯವರು ಬೆಲ್ಟನ್ನು ತಿರುಗಿಸಿ ತೋರಿಸಿದರು. ಹೊರಗೆ ಹೊಳಪಿತ್ತು, ಒಳಭಾಗ ಕಪ್ಪಾಗಿ ಗಟ್ಟಿಯಾಗಿತ್ತು. "ಇಲ್ಲಿ ಬೆವರು ಆರೋದೇ ಇಲ್ಲ ಸರ್. ರಾತ್ರಿ ತೆಗೆದಿಟ್ರೂ ಬೆಳಿಗ್ಗೆ ಹಸಿಯಾಗೇ ಇರ್ತದೆ" ಅಂದರು. ಚರ್ಮ ಬೆವರನ್ನು ಹೀರಿಕೊಳ್ಳುತ್ತೆ, ಉಪ್ಪು ಒಳಗೇ ಉಳಿಯುತ್ತೆ. ಒದ್ದೆಯಾಗುತ್ತಾ ಒಣಗುತ್ತಾ ಚರ್ಮ ಬಿರುಕು ಬಿಡುತ್ತೆ. ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟೂ ಬರುತ್ತೆ. ನಿಮ್ಮದನ್ನು ಪಿನ್ ಹತ್ತಿರ ಮೆಲ್ಲಗೆ ಬಗ್ಗಿಸಿ ನೋಡಿ. ಸಣ್ಣ ಗೆರೆಗಳು ಕಂಡರೆ ಬದಲಿಸುವ ಸಮಯ ಬಂದಿದೆ ಅಂತ ಅರ್ಥ.

ಸ್ಟೀಲ್ ಚೈನ್ ಬೆವರು ಹೀರುವುದಿಲ್ಲ. ಆದರೆ ಸೆಕೆಗೆ ಮಣಿಕಟ್ಟು ಸ್ವಲ್ಪ ಊದಿಕೊಳ್ಳುತ್ತೆ. ಬೆಳಿಗ್ಗೆ ಸರಿಯಾಗಿದ್ದ ಚೈನ್ ಮಧ್ಯಾಹ್ನ ಬಿಗಿಯಾಗುತ್ತೆ. ಹಾಗಾಗಿ ಕೊಂಡಿಯಲ್ಲಿ ಅಳತೆ ಬದಲಿಸುವ ಸಣ್ಣ ತೂತುಗಳಿರುವುದನ್ನೇ ಕೊಳ್ಳಬೇಕು. ನನ್ನ ಹಗುರವಾದ ಹಳೇ ವಾಚಿಗೆ ಮಾತ್ರ ಅದು ಭಾರ ಅನ್ನಿಸಿತು. ರಬ್ಬರ್ ನೀರಿಗೆ, ಜಿಮ್ಮಿಗೆ ಒಳ್ಳೆಯದು. ಆದರೆ ಗಾಳಿಯಾಡದ ಕಾರಣ ಅದರಡಿ ಬೆವರು ನಿಂತು ಚರ್ಮ ಕೆಂಪಾಗಿ ತುರಿಸಬಹುದು. ಕೊಳ್ಳುವಾಗ ಒಳಮೈಯಲ್ಲಿ ಗೀರು ಅಥವಾ ತೂತುಗಳಿವೆಯಾ ನೋಡಿ, ಒಂದು ತೂತು ಸಡಿಲವಾಗಿ ಕಟ್ಟಿ.

ಕೊನೆಗೆ ನಾನು ಆರಿಸಿದ್ದು ಒಂದೇ ತುಂಡಿನ ನೈಲಾನ್ ಬೆಲ್ಟ್. ವಾಚಿನ ಎರಡು ಕೊಂಬುಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದೆ, 18 ಮಿಲಿಮೀಟರ್ ಇತ್ತು. ಅದೇ ಅಗಲದ್ದು ತಂದೆ. ಈ ಬೆಲ್ಟ್ ಎರಡೂ ಪಿನ್‌ಗಳ ಕೆಳಗೆ ಹಾದು ಹೋಗುತ್ತೆ. ಒಂದು ಪಿನ್ ಕಳಚಿದರೂ ವಾಚ್ ಇನ್ನೊಂದರಲ್ಲಿ ನೇತಾಡುತ್ತೆ, ನೆಲಕ್ಕೆ ಬೀಳೋದಿಲ್ಲ. ಹಳೇ ಪಿನ್‌ಗಳಿಗೆ ತುಕ್ಕು ಹಿಡಿದಿತ್ತು, ಅವನ್ನೂ ಬದಲಿಸಿದೆ.

ನೈಲಾನಿಗೂ ಒಂದು ದೋಷ ಇದೆ: ಅದೂ ಬೆವರು ಹೀರುತ್ತೆ, ತೊಳೆಯದಿದ್ದರೆ ವಾಸನೆ ಬರುತ್ತೆ. ಆದರೆ ಟೂಲ್ ಇಲ್ಲದೆ ಎಳೆದು ತೆಗೆಯಬಹುದು. ಹಾಗಾಗಿ ನೀರು ತಾಗಬಾರದ ವಾಚನ್ನು ಪಕ್ಕಕ್ಕಿಟ್ಟು, ಬೆಲ್ಟನ್ನು ಮಾತ್ರ ಸೋಪು ನೀರಲ್ಲಿ ಉಜ್ಜಿ ಫ್ಯಾನ್ ಕೆಳಗೆ ಒಣಹಾಕುತ್ತೇನೆ. ಒದ್ದೆ ಬೆಲ್ಟನ್ನು ವಾಚಿಗೆ ಹಾಕಿಡುವುದಿಲ್ಲ. ಎರಡು ಬೆಲ್ಟ್ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸುತ್ತೇನೆ.

ಹೊಸ ಲೆದರ್ ಬೆಲ್ಟೂ ಒಂದು ಇದೆ. ಅದು ಎಸಿ ಆಫೀಸಿಗೆ, ಡಿಸೆಂಬರ್ ಮದುವೆಗಳಿಗೆ. ಈ ಸಲ ಊರಿಗೆ ಹೋದಾಗ ಅಪ್ಪ ನೈಲಾನ್ ನೋಡಿ, "ಇದೇನೋ, ಸ್ಕೂಲ್ ಬ್ಯಾಗಿನ ಪಟ್ಟಿ ಥರ ಇದೆ" ಅಂತ ನಕ್ಕರು. ಆಮೇಲೆ ಕಿವಿಗಿಟ್ಟು ಟಿಕ್ ಟಿಕ್ ಕೇಳಿ, ಸುಮ್ಮನೆ ವಾಪಸ್ ಕೊಟ್ಟರು.